ಪಂಚ್ ಮಿಸ್ ಆದ ದಿನ ಸೊನ್ನೆಯಲ್ಲ

ತಿಂಗಳ ಮೊದಲ ವಾರದಲ್ಲಿ ಪೀಣ್ಯದ ಯಾವುದಾದರೂ ಸಣ್ಣ ಕಾರ್ಖಾನೆಯ ಆಫೀಸಿಗೆ ಹೋಗಿ ಕೂತರೆ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: "ಪಂಚ್ ಮಿಸ್ ಆಗಿದೆ, ಏನ್ ಮಾಡೋದು?" ಬಾಗಿಲ ಪಕ್ಕದ ಬೆರಳಚ್ಚು ಮಷೀನಿನಿಂದ ಪೆನ್‌ಡ್ರೈವಿಗೆ ಇಳಿಸಿಕೊಂಡ ಹಿಂದಿನ ತಿಂಗಳ ಹಾಜರಿ ಕಂಪ್ಯೂಟರಿನಲ್ಲಿ ತೆರೆದಿರುತ್ತದೆ. ನಲವತ್ತು ಜನರ ಸಾಲುಗಳ ನಡುವೆ ಅಲ್ಲಲ್ಲಿ ಖಾಲಿ ಜಾಗ. ಒಬ್ಬರು ಬಂದದ್ದು ದಾಖಲಾಗಿದೆ, ಹೋದದ್ದು ಇಲ್ಲ. ಇನ್ನೊಬ್ಬರು ಹೋಗಿದ್ದಾರೆ, ಬಂದೇ ಇಲ್ಲ. ಸಂಬಳ ಮಾತ್ರ ಏಳನೇ ತಾರೀಖಿನೊಳಗೆ ಆಗಬೇಕು.

ಈ ಅವಸರದಲ್ಲಿ ಬಹಳ ಕಡೆ ಸಾಫ್ಟ್‌ವೇರ್ ಕೂಡಿಕೊಟ್ಟ ಒಟ್ಟು ಗಂಟೆಯನ್ನೇ ಹಿಡಿದು ಸಂಬಳ ಹಾಕಿಬಿಡುತ್ತಾರೆ. ಹಾಗೆ ಮಾಡಿದಾಗ ದುಡಿದವರ ಕೂಲಿ ಎಲ್ಲಿ ಸೋರಿಹೋಗುತ್ತದೆ, ಸೋರದಂತೆ ಲೆಕ್ಕ ಕೂಡುವುದು ಹೇಗೆ ಎಂಬುದನ್ನು ಒಬ್ಬ ಲೇತ್ ಆಪರೇಟರ್‌ನ ಒಂದು ತಿಂಗಳ ಲಾಗ್ ಇಟ್ಟುಕೊಂಡು ನೋಡೋಣ. ತಿಂಗಳು 2025ರ ಜುಲೈ. ಆಪರೇಟರ್‌ಗೆ ಹೆಸರು ಬೇಡ, ಮಷೀನಿಗೂ ಅವರ ಹೆಸರು ಮುಖ್ಯವಲ್ಲ. ಅದರ ಪಾಲಿಗೆ ಅವರು 27ನೇ ನಂಬರ್. ಈ ತಿಂಗಳು ನಾನು ವಿವರಿಸಲೆಂದೇ ಜೋಡಿಸಿಕೊಂಡದ್ದು, ಆದರೆ ಇದರಲ್ಲಿರುವ ಒಂದೊಂದು ತೊಡಕೂ ಸಂಬಳದ ಲೆಕ್ಕ ಮಾಡುವವರು ಆಗಾಗ ಎದುರಿಸುವಂಥದೇ.

ಮೊದಲು ಮಷೀನು ಏನನ್ನು ಬರೆದಿಡುತ್ತದೆ ಎಂದು ತಿಳಿದುಕೊಳ್ಳಬೇಕು. ಬೆರಳು ಹೊಂದಿದ ಕೂಡಲೇ "ಥ್ಯಾಂಕ್ ಯೂ" ಎನ್ನುತ್ತದೆ, ಒಂದು ಸಾಲು ಬರೆದುಕೊಳ್ಳುತ್ತದೆ. ಆ ಸಾಲಿನಲ್ಲಿ ನೌಕರನ ನಂಬರ್, ತಾರೀಖು, ಗಂಟೆ-ನಿಮಿಷ-ಸೆಕೆಂಡು, ಜೊತೆಗೆ ಒಂದೆರಡು ಸಂಕೇತದ ಅಂಕಿಗಳು ಇರುತ್ತವೆ. ಬೇಡದ ಕಾಲಂ ತೆಗೆದರೆ ಅದು ಹೀಗೆ ಕಾಣುತ್ತದೆ:

```
27  2025-07-17 21:52:40  0
27  2025-07-18 06:38:12  0
27  2025-07-18 21:55:03  0
```

ಕೊನೆಯ ಅಂಕಿ ಬಂದದ್ದೋ ಹೋದದ್ದೋ ಎಂದು ಹೇಳಬೇಕಾದದ್ದು. ಬಹಳ ಬಳಕೆಯಲ್ಲಿರುವ ಮಷೀನುಗಳಲ್ಲಿ 0 ಎಂದರೆ ಒಳಗೆ, 1 ಎಂದರೆ ಹೊರಗೆ. ಆದರೆ ಅದು ಸರಿಯಾಗಿ ಬೀಳಬೇಕಾದರೆ ಬೆರಳಿಡುವ ಮುನ್ನ ಬಟನ್ ಒತ್ತಿ ಇನ್ ಅಥವಾ ಔಟ್ ಆರಿಸಬೇಕು. ಶಿಫ್ಟ್ ಬಿಡುವ ಹೊತ್ತಿನಲ್ಲಿ ನಲವತ್ತು ಜನ ಸಾಲು ನಿಂತಿರುವಾಗ ಯಾರೂ ಬಟನ್ ಒತ್ತುವುದಿಲ್ಲ. ಹಾಗಾಗಿ ಎಲ್ಲರ ಎಲ್ಲ ಪಂಚುಗಳೂ 0 ಎಂದೇ ಬಿದ್ದಿರುತ್ತವೆ. ಮಷೀನಿಗೆ ತಿಳಿದಿರುವುದು ಇಷ್ಟೇ: ಈ ಬೆರಳು ಈ ಕ್ಷಣದಲ್ಲಿ ಇಲ್ಲಿತ್ತು. ಎಷ್ಟು ಗಂಟೆ ಕೆಲಸ ಮಾಡಿದರು ಎಂಬುದು ಅದಕ್ಕೆ ಗೊತ್ತಿಲ್ಲ. ಗಂಟೆಯನ್ನು ಹುಟ್ಟಿಸುವುದು ಕಂಪ್ಯೂಟರಿನಲ್ಲಿರುವ ಸಾಫ್ಟ್‌ವೇರ್, ಅದೂ ತನಗೆ ಹಾಕಿಕೊಟ್ಟ ಸೆಟ್ಟಿಂಗಿಗೆ ತಕ್ಕಂತೆ ಊಹಿಸಿ.

ಮಷೀನು ಬರೆದುಕೊಳ್ಳದ ಸಂಗತಿಯೂ ಅಷ್ಟೇ ಮುಖ್ಯ. ಬೆರಳು ಹೊಂದದೆ "ಪ್ಲೀಸ್ ಟ್ರೈ ಅಗೇನ್" ಅಂದದ್ದು ಸಾಮಾನ್ಯವಾಗಿ ಹಾಜರಿಯ ಲಾಗಿನಲ್ಲಿ ಇರುವುದೇ ಇಲ್ಲ. ಕೂಲಂಟ್ ಹತ್ತಿದ ಕೈ, ಗ್ರೈಂಡಿಂಗ್ ಮಾಡಿ ಮಾಡಿ ಗೆರೆ ಸವೆದ ಹೆಬ್ಬೆರಳು, ಆಗಷ್ಟೇ ತೊಳೆದ ಒದ್ದೆ ಬೆರಳು, ಇವನ್ನೆಲ್ಲ ಮಷೀನು ಸುಲಭವಾಗಿ ಗುರುತಿಸುವುದಿಲ್ಲ. ಮೂರು ಸಲ ಇಟ್ಟು, ಹಿಂದೆ ನಿಂತವರು ಗೊಣಗತೊಡಗಿದ ಮೇಲೆ ಬಸ್ಸಿಗೆ ಓಡಿದವರ ಪ್ರಯತ್ನಕ್ಕೆ ಕುರುಹು ಉಳಿಯುವುದಿಲ್ಲ. ಕೈಯಿಂದ ಒರಟು ಕೆಲಸ ಮಾಡುವವರ ಪಂಚೇ ಹೆಚ್ಚು ಮಿಸ್ ಆಗುತ್ತದೆ, ಗಂಟೆಗೆ ಇಷ್ಟು ಎಂದು ಲೆಕ್ಕ ಹಾಕಿಸಿಕೊಳ್ಳುವವರೂ ಅವರೇ. ಆಫೀಸಿನಲ್ಲಿ ಕೂತವರಿಗೆ ಈ ಕಷ್ಟ ಅಷ್ಟಾಗಿ ಇಲ್ಲ. ಇದನ್ನು ನೆನಪಿಟ್ಟುಕೊಂಡೇ ಮುಂದಿನ ಲೆಕ್ಕ ಮಾಡಬೇಕು.

ಈಗ 27ನೇ ನಂಬರಿನ ಜುಲೈ. ಭಾನುವಾರ ರಜೆ, ಉಳಿದಂತೆ 27 ಕೆಲಸದ ದಿನ. ಜನರಲ್ ಶಿಫ್ಟ್ ಬೆಳಿಗ್ಗೆ 8.30ರಿಂದ ಸಂಜೆ 5, ಮಧ್ಯೆ 12.30ರಿಂದ ಅರ್ಧ ಗಂಟೆ ಊಟ, ನಿವ್ವಳ 8 ಗಂಟೆ. ರಾತ್ರಿ ಶಿಫ್ಟ್ 10ರಿಂದ ಬೆಳಗಿನ 6.30, ಅಲ್ಲೂ ಅರ್ಧ ಗಂಟೆ ಊಟ ಕಳೆದು 8. ಶಿಫ್ಟಿಗೆ ಮುಂಚೆ ಬಂದ ನಿಮಿಷಗಳನ್ನು ಎಣಿಸುವುದಿಲ್ಲ, ಐದು ನಿಮಿಷ ತಡವಾದರೆ ಕಡಿಯುವುದಿಲ್ಲ. ಸಾಫ್ಟ್‌ವೇರಿನ ಸೆಟ್ಟಿಂಗ್ ಬಹಳ ಕಡೆ ಇರುವಂಥದೇ: ದಿನದ ಮೊದಲ ಪಂಚ್ ಬಂದದ್ದು, ಕೊನೆಯ ಪಂಚ್ ಹೋದದ್ದು, ಒಂದೇ ಪಂಚ್ ಇದ್ದ ದಿನಕ್ಕೆ ಸೊನ್ನೆ.

ತಿಂಗಳ ಕೊನೆಗೆ ಸಾಫ್ಟ್‌ವೇರ್ ಕೊಟ್ಟದ್ದು: ಸಾಮಾನ್ಯ ಕೆಲಸ 172 ಗಂಟೆ 10 ನಿಮಿಷ, ಒಟಿ 9 ಗಂಟೆ 45 ನಿಮಿಷ.

ನೋಡಿದರೆ ನಂಬುವಂತೆಯೇ ಇದೆ. ನಾಲ್ಕೈದು ದಿನ ರಜೆ ಹಾಕಿರಬೇಕು, ಒಂದೆರಡು ದಿನ ಹೆಚ್ಚು ಹೊತ್ತು ನಿಂತಿರಬೇಕು ಎಂದುಕೊಂಡು ಸಹಿ ಹಾಕಿಬಿಡಬಹುದು. ಎರಡೂ ಅಂಕಿ ತಪ್ಪು.

ಖಾಲಿ ಕಂಡಲ್ಲೆಲ್ಲ ತುಂಬುತ್ತಾ ಹೋಗುವುದು ಇಲ್ಲಿ ಎಲ್ಲರೂ ಮೊದಲು ಮಾಡುವ ಕೆಲಸ. ಅದನ್ನು ಕೊನೆಗೆ ಇಟ್ಟುಕೊಳ್ಳಬೇಕು. ಯಾಕೆಂದರೆ ಖಾಲಿಯಂತೆ ಕಾಣುವ ಎಷ್ಟೋ ಜಾಗ ನಿಜವಾಗಿ ಖಾಲಿಯಲ್ಲ, ತುಂಬಿದಂತೆ ಕಾಣುವ ಎಷ್ಟೋ ದಿನ ಸರಿಯಾಗಿಲ್ಲ. ಜುಲೈ 17, 18, 19ರ ರಾತ್ರಿಗಳನ್ನೇ ನೋಡಿ. ಆ ಮೂರೂ ದಿನ 27ನೇ ನಂಬರ್ ರಾತ್ರಿ ಶಿಫ್ಟಿನಲ್ಲಿದ್ದರು. ಲಾಗ್ ಹೀಗಿದೆ: 17ರಂದು ರಾತ್ರಿ 21:52. 18ರಂದು ಬೆಳಿಗ್ಗೆ 06:38, ರಾತ್ರಿ 21:55. 19ರಂದು ಬೆಳಿಗ್ಗೆ 06:35, ರಾತ್ರಿ 21:50. 20ರ ಭಾನುವಾರ ಬೆಳಿಗ್ಗೆ 06:40. ಒಟ್ಟು ಆರು ಪಂಚ್. ಮೂರು ಸಲ ಬಂದು ಮೂರು ಸಲ ಹೋದದ್ದಕ್ಕೆ ಲೆಕ್ಕ ಸರಿಯಾಗಿದೆ, ಒಂದೂ ಮಿಸ್ ಆಗಿಲ್ಲ.

ಆದರೆ ಸಾಫ್ಟ್‌ವೇರಿಗೆ ದಿನ ಎಂದರೆ ನಡುರಾತ್ರಿಯಿಂದ ನಡುರಾತ್ರಿಗೆ. 17ರಂದು ಒಂದೇ ಪಂಚ್, ಆದ್ದರಿಂದ ಸೊನ್ನೆ. 18ರಂದು ಬೆಳಿಗ್ಗೆ ಬಂದು ರಾತ್ರಿ 21:55ಕ್ಕೆ ಹೋಗಿದ್ದಾರೆ ಎಂದು ತಿಳಿದು 8 ಗಂಟೆ ಕೆಲಸ, 4 ಗಂಟೆ 55 ನಿಮಿಷ ಒಟಿ ಕೊಟ್ಟಿದೆ. 19ರಂದು ಹಾಗೆಯೇ 8 ಗಂಟೆ, 4 ಗಂಟೆ 50 ನಿಮಿಷ ಒಟಿ. ಅಂದರೆ ಅವರು ಮನೆಯಲ್ಲಿ ಮಲಗಿದ್ದ ಹೊತ್ತನ್ನೆಲ್ಲ ಕೆಲಸವೆಂದು ಎಣಿಸಿ, ಕೆಲಸ ಮಾಡಿದ ರಾತ್ರಿಗಳನ್ನು ಬಿಟ್ಟಿದೆ. ಈ ಎರಡು ದಿನಗಳಲ್ಲಿ ಪಂಚಿನ ಸಂಖ್ಯೆ ಸಮವಾಗಿರುವುದರಿಂದ ಮಿಸ್ ಆದ ಪಂಚಿನ ಪಟ್ಟಿಯಲ್ಲಿ ಇವು ಬರುವುದೂ ಇಲ್ಲ. ಪಟ್ಟಿಯಲ್ಲಿ ಬರುವುದು 17ನೇ ತಾರೀಖು. ಅದನ್ನು ನೋಡಿದ ಗುಮಾಸ್ತರು "ಬೆಳಿಗ್ಗೆ ಪಂಚ್ ಮಾಡೋದು ಮರೆತಿದ್ದಾರೆ" ಎಂದುಕೊಂಡು 8.30 ಎಂದು ತುಂಬಿದರೆ ಇನ್ನೊಂದು ಸುಳ್ಳು ದಿನ, ಇನ್ನಷ್ಟು ಸುಳ್ಳು ಒಟಿ ಹುಟ್ಟಿಕೊಳ್ಳುತ್ತದೆ. 20ರ ಒಂಟಿ ಪಂಚನ್ನು ಭಾನುವಾರದ್ದೆಂದು ಅಳಿಸಿಬಿಟ್ಟರೆ ಸತ್ಯಕ್ಕೆ ಇದ್ದ ಸಾಕ್ಷಿಯೂ ಹೋಯಿತು.

ಹಾಗಾಗಿ ಶಿಫ್ಟ್ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ರಾತ್ರಿ ಶಿಫ್ಟಿನವರಿಗೆ ದಿನದ ಗಡಿಯನ್ನು ಮಧ್ಯಾಹ್ನ ಹನ್ನೆರಡಕ್ಕೆ ಸರಿಸಬೇಕು. ಮಧ್ಯಾಹ್ನದೊಳಗೆ ಬಿದ್ದ ಪಂಚ್ ಹಿಂದಿನ ರಾತ್ರಿಗೆ ಸೇರಿದ್ದು. ಆಗ ಆರು ಪಂಚುಗಳೂ ತಾವಾಗಿಯೇ ಮೂರು ಜೋಡಿಯಾಗುತ್ತವೆ, ಒಂದೊಂದಕ್ಕೆ 8 ಗಂಟೆಯಂತೆ 24 ಗಂಟೆ, ಒಟಿ ಇಲ್ಲ. ಎಕ್ಸೆಲ್‌ನಲ್ಲಿ ಲೆಕ್ಕ ಮಾಡುವವರಿಗೆ ಬಂದ ಸಮಯ A2ರಲ್ಲಿ, ಹೋದ ಸಮಯ B2ರಲ್ಲಿ ಇದ್ದರೆ ನಡುರಾತ್ರಿ ದಾಟಿದ ಅವಧಿಯನ್ನೂ ಸರಿಯಾಗಿ ಕೊಡುವ ಸೂತ್ರ ಇದು:

```
=MOD(B2-A2,1)*24
```

ಜೋಡಿ ಕಟ್ಟುವ ಮುಂಚೆ ಒಂದೇ ಸಲಕ್ಕೆ ಎರಡು ಬಾರಿ ಬಿದ್ದ ಪಂಚುಗಳನ್ನೂ ಒಂದು ಮಾಡಿಕೊಳ್ಳಬೇಕು. ಜುಲೈ 15ರಂದು 27ನೇ ನಂಬರಿನದು ಮೂರು ಪಂಚ್: 08:31:05, 08:31:12, 17:02. "ಥ್ಯಾಂಕ್ ಯೂ" ಕೇಳಿಸಲಿಲ್ಲವೆಂದು ಮತ್ತೊಮ್ಮೆ ಬೆರಳಿಟ್ಟಿದ್ದಾರೆ, ಅಷ್ಟೆ. ಮೊದಲ ಪಂಚ್, ಕೊನೆಯ ಪಂಚ್ ಎಂಬ ಸೆಟ್ಟಿಂಗಿನಲ್ಲಿ ಇದರಿಂದ ತೊಂದರೆಯಿಲ್ಲ. ಆದರೆ ಪಂಚುಗಳನ್ನು ಒಳಗೆ-ಹೊರಗೆ, ಒಳಗೆ-ಹೊರಗೆ ಎಂದು ಸರದಿಯಲ್ಲಿ ಜೋಡಿಸುವ ಸೆಟ್ಟಿಂಗ್ ಇದ್ದಿದ್ದರೆ ಆ ದಿನ ಅವರು ಏಳು ಸೆಕೆಂಡ್ ಕೆಲಸ ಮಾಡಿ ಹೋಗಿದ್ದಾರೆ, ಸಂಜೆ ಐದಕ್ಕೆ ಬಂದು ವಾಪಸ್ ಹೋಗೇ ಇಲ್ಲ ಎಂದು ಬರುತ್ತಿತ್ತು. ಎರಡು ಮೂರು ನಿಮಿಷದೊಳಗೆ ಬಿದ್ದ ಪಂಚುಗಳನ್ನು ಒಂದೇ ಎಂದು ಹಿಡಿಯುವುದು ಸಾಕು. ಈ ಅಂತರವನ್ನು ಅರ್ಧ ಗಂಟೆಗೆ ಏರಿಸಿದರೆ ಚಹಾಕ್ಕೆ ಹೊರಗೆ ಹೋಗಿ ಬಂದದ್ದೂ ಅಳಿಸಿಹೋಗುತ್ತದೆ.

ಇಷ್ಟಾದ ಮೇಲೆ ನಿಜವಾಗಿ ಕಾಣೆಯಾದ ಪಂಚುಗಳು ಉಳಿಯುತ್ತವೆ. ಅವುಗಳನ್ನು ನೋಡುವಾಗ ಮೊದಲು ಕೇಳಬೇಕಾದ ಪ್ರಶ್ನೆ, ಕಾಣೆಯಾದದ್ದು ಒಬ್ಬರದೋ ಎಲ್ಲರದೋ ಎಂಬುದು. ಜುಲೈ 28, ಸೋಮವಾರ, 27ನೇ ನಂಬರಿಗೆ ಸಂಜೆ 17:05ರ ಪಂಚ್ ಮಾತ್ರ ಇದೆ. ಅವರ ಸಾಲನ್ನಷ್ಟೇ ನೋಡಿದರೆ ಮರೆತರೆಂದು ಅನಿಸುತ್ತದೆ. ಇಡೀ ಮಷೀನಿನ ಅಂದಿನ ಲಾಗನ್ನು ಗಂಟೆಯ ಪ್ರಕಾರ ಜೋಡಿಸಿದರೆ ಕಥೆ ಬೇರೆ: ಬೆಳಿಗ್ಗೆಯ ಮೊದಲ ಪಂಚ್ ಬಿದ್ದಿರುವುದೇ 09:12ಕ್ಕೆ. ಅದಕ್ಕೂ ಮುಂಚೆ ನಲವತ್ತು ಜನರಲ್ಲಿ ಒಬ್ಬರದೂ ಇಲ್ಲ. ಭಾನುವಾರ ಮಷೀನಿನ ಅಡಾಪ್ಟರ್ ಕಿತ್ತು ಇನ್ನೇನೋ ಚುಚ್ಚಿದ್ದಾರೆ, ಸೋಮವಾರ ಬೆಳಿಗ್ಗೆ ಅದು ಸತ್ತುಬಿದ್ದಿತ್ತು. ಇಂಥ ದಿನ ನಲವತ್ತು ಜನರಿಂದ ನಲವತ್ತು ವಿವರಣೆ ಬರೆಸಿಕೊಳ್ಳುವುದು ಅನ್ಯಾಯ. ಗೇಟಿನ ಸೆಕ್ಯುರಿಟಿ ಪುಸ್ತಕ ತರಿಸಿ ಎಲ್ಲರಿಗೂ ಒಂದೇ ಟಿಪ್ಪಣಿಯಲ್ಲಿ ಸಮಯ ತುಂಬಬೇಕು. 27ನೇ ನಂಬರ್ ಗೇಟಿನಲ್ಲಿ 8.20ಕ್ಕೆ ಬರೆಸಿದ್ದಾರೆ, ದಿನಕ್ಕೆ ಪೂರ್ತಿ 8 ಗಂಟೆ.

ಕರೆಂಟು ಹೋಗಿ ಬ್ಯಾಟರಿಯೂ ಸೋತರೆ ಕೆಲವು ಮಷೀನುಗಳ ಗಡಿಯಾರ ಹಿಂದಕ್ಕೆ ಹೋಗಿ 2000ನೇ ಇಸವಿಯ ಜನವರಿ 1ಕ್ಕೆ ನಿಲ್ಲುತ್ತದೆ. ಆಮೇಲೆ ಬಿದ್ದ ಪಂಚುಗಳು ಇರುತ್ತವೆ, ಜುಲೈ ತಿಂಗಳಿನಲ್ಲಿ ಮಾತ್ರ ಸಿಗುವುದಿಲ್ಲ. ತಿಂಗಳ ಲಾಗ್ ಇಳಿಸಿಕೊಳ್ಳುವಾಗ ತಾರೀಖಿನ ಮಿತಿ ಹಾಕದೆ ಪೂರ್ತಿ ಇಳಿಸಿಕೊಂಡು ಒಮ್ಮೆ ಮೊದಲ ಸಾಲುಗಳ ಕಡೆ ಕಣ್ಣು ಹಾಯಿಸಿದರೆ ಇದು ತಿಳಿದುಬಿಡುತ್ತದೆ.

ಜುಲೈ 9ರದು ಒಬ್ಬರದೇ ಪ್ರಶ್ನೆ. ಬೆಳಿಗ್ಗೆ 08:24ಕ್ಕೆ ಬಂದದ್ದಿದೆ, ಹೋದದ್ದಿಲ್ಲ. ಅಂದು ಉಳಿದವರ ಔಟ್ ಪಂಚುಗಳು 17:01ರಿಂದ 17:06ರೊಳಗೆ ಇವೆ. ಹೆಚ್ಚಿನ ಕಡೆ ಇಂಥ ದಿನಕ್ಕೆ ಶಿಫ್ಟ್ ಮುಗಿಯುವ ಸಮಯ ಹಾಕಿ ಕೈತೊಳೆದುಕೊಳ್ಳುತ್ತಾರೆ, ಕೆಲವು ಸಾಫ್ಟ್‌ವೇರುಗಳಲ್ಲಿ ತಾನಾಗಿಯೇ ಹಾಗೆ ತುಂಬುವ ಸೆಟ್ಟಿಂಗೂ ಇದೆ. ಸೊನ್ನೆಗಿಂತ ಅದು ಮೇಲು, ಆದರೂ ನಾನು ಅದನ್ನು ಒಪ್ಪುವುದಿಲ್ಲ. ಯಾಕೆಂದರೆ ಔಟ್ ಪಂಚ್ ಕೈತಪ್ಪಲು ಒಟಿಯೇ ಕಾರಣವಾಗಿರುವುದು ಬಹಳ. ಎಲ್ಲರೂ ಹೋದ ಮೇಲೆ ಇಬ್ಬರು ಮೂವರು ನಿಂತು ಕೆಲಸ ಮುಗಿಸಿರುತ್ತಾರೆ, ಆಫೀಸಿನ ಬಾಗಿಲು ಹಾಕಿರುತ್ತದೆ, ಮಷೀನು ಒಳಗಡೆ ಇರುತ್ತದೆ. ಇದನ್ನು ತಿಳಿಯಲು ಸುಮ್ಮನೆ ಕೇಳಿದರೂ ಸಾಕು.

"ಒಂಬತ್ತನೇ ತಾರೀಖು ಎಷ್ಟೊತ್ತಿಗೆ ಹೋದ್ರಿ?"

"ಏಳಕ್ಕೆ ಸಾರ್. ಫ್ಲೇಂಜ್ ಅರ್ಜೆಂಟ್ ಅಂದಿದ್ರಲ್ಲ, ಅದು ಮುಗಿಸ್ಕೊಂಡೇ ಹೋಗಿದ್ದು. ಜಾಬ್ ಕಾರ್ಡ್ ನೋಡಿ."

ಬಾಯಿಮಾತನ್ನೇ ಬರೆದುಕೊಳ್ಳಬೇಕಿಲ್ಲ, ಅದು ಎಲ್ಲಿ ಹುಡುಕಬೇಕೆಂದು ತೋರಿಸುತ್ತದೆ. ಜಾಬ್ ಕಾರ್ಡಿನಲ್ಲಿ ಕೊನೆಯ ಪೀಸ್ 18:55ಕ್ಕೆ ಮುಗಿದಿದೆ. ಸೂಪರ್‌ವೈಸರ್ ಸಹಿ ಮಾಡಿದ ಅಂದಿನ ಒಟಿ ಪಟ್ಟಿಯಲ್ಲಿ 27ನೇ ನಂಬರಿನ ಮುಂದೆ ಎರಡು ಗಂಟೆ ಎಂದಿದೆ. ಬೇರೆ ಬೇರೆ ಉದ್ದೇಶಕ್ಕೆ, ಆ ಹೊತ್ತಿನಲ್ಲೇ ಬರೆದಿಟ್ಟ ಎರಡು ದಾಖಲೆಗಳು ಒಂದೇ ಮಾತು ಹೇಳುತ್ತಿವೆ. ಹಾಗಿದ್ದ ಮೇಲೆ ಔಟ್ 19:00 ಎಂದು ತುಂಬಿ, 8 ಗಂಟೆ ಕೆಲಸ ಮತ್ತು 2 ಗಂಟೆ ಒಟಿ ಕೊಡಬೇಕು. 1948ರ ಕಾರ್ಖಾನೆಗಳ ಕಾಯ್ದೆಯ ಕಾಲದಿಂದ ಒಟಿಗೆ ಸಾಮಾನ್ಯ ದರದ ಎರಡು ಪಟ್ಟು. ಶಿಫ್ಟ್ ಸಮಯ ತುಂಬಿದ್ದರೆ ನಾಲ್ಕು ಗಂಟೆಯ ಕೂಲಿ, ಅಂದರೆ ಅರ್ಧ ದಿನದ ದುಡಿಮೆ ಅವರ ಕೈತಪ್ಪುತ್ತಿತ್ತು. ಅದೇ ಸೆಟ್ಟಿಂಗ್ ಮಧ್ಯಾಹ್ನ ಮೂರಕ್ಕೇ ಹೋಗಿಬಿಟ್ಟ ಇನ್ನೊಬ್ಬರಿಗೆ ಎರಡು ಗಂಟೆ ಬಿಟ್ಟಿ ಕೊಡುತ್ತಿತ್ತು. ತಾನಾಗಿ ತುಂಬುವ ಯಾವ ಸೆಟ್ಟಿಂಗೂ ಈ ಇಬ್ಬರನ್ನು ಬೇರೆ ಮಾಡಲಾರದು.

ಜುಲೈ 30 ಇದಕ್ಕಿಂತ ನವಿರಾದದ್ದು. 08:27, 13:10. ಎರಡು ಪಂಚ್, ಜೋಡಿ ಸರಿಯಿದೆ, ಸಾಫ್ಟ್‌ವೇರಿಗೆ ಯಾವ ಅನುಮಾನವೂ ಇಲ್ಲ. ಊಟದ ಅರ್ಧ ಗಂಟೆ ಕಳೆದು 4 ಗಂಟೆ 10 ನಿಮಿಷ ಕೊಟ್ಟಿದೆ. ಬೆಸ ಸಂಖ್ಯೆಯ ಪಂಚ್ ಇದ್ದ ದಿನಗಳನ್ನಷ್ಟೇ ಹುಡುಕುವವರಿಗೆ ಈ ದಿನ ಕಾಣುವುದಿಲ್ಲ. ಆದ್ದರಿಂದ ಜೋಡಿ ಸರಿಯಿದ್ದೂ ಆರು ಗಂಟೆಗಿಂತ ಕಡಿಮೆ ಅಥವಾ ಹನ್ನೆರಡು ಗಂಟೆಗಿಂತ ಹೆಚ್ಚು ಬಂದ ದಿನಗಳನ್ನೂ ಬೇರೆ ಎತ್ತಿಟ್ಟುಕೊಂಡು ನೋಡಬೇಕು. ಇಲ್ಲಿ ನೋಡಿದಾಗ ಸಿಕ್ಕಿದ್ದು ಗೇಟ್ ಪಾಸ್: ಬ್ಯಾಂಕಿನ ಕೆಲಸಕ್ಕೆ 13:10ಕ್ಕೆ ಹೊರಗೆ, ಸೆಕ್ಯುರಿಟಿಯವರ ಕೈಬರಹದಲ್ಲಿ 14:20ಕ್ಕೆ ವಾಪಸ್. ಬಂದಾಗ ಪಂಚ್ ಮಾಡಿಲ್ಲ, ಸಂಜೆ ಹೋಗುವಾಗಲೂ ಮಾಡಿಲ್ಲ. ಎರಡು ಪಂಚ್ ಕಾಣೆಯಾದ್ದರಿಂದಲೇ ಸಂಖ್ಯೆ ಸಮವಾಗಿ ಉಳಿದಿದೆ. ಮಧ್ಯಾಹ್ನದ ಜಾಬ್ ಕಾರ್ಡ್ ಶಿಫ್ಟ್ ಮುಗಿಯುವ ತನಕ ತುಂಬಿದೆ. ಎಂಟು ಗಂಟೆಯಲ್ಲಿ ಹೊರಗಿದ್ದ 1 ಗಂಟೆ 10 ನಿಮಿಷ ಕಳೆದರೆ 6 ಗಂಟೆ 50 ನಿಮಿಷ. ಇಲ್ಲಿ ಅವರ ಸ್ವಂತ ಕೆಲಸದ ಹೊತ್ತನ್ನು ಕಳೆಯುವುದೂ ನ್ಯಾಯವೇ. ಸರಿಪಡಿಸುವುದೆಂದರೆ ನೌಕರರ ಪರವಾಗಿ ಏರಿಸುತ್ತಾ ಹೋಗುವುದೆಂದಲ್ಲ, ನಡೆದದ್ದರ ಹತ್ತಿರಕ್ಕೆ ಹೋಗುವುದು.

ಉಳಿದವು ಪಂಚೇ ಇಲ್ಲದ ಎರಡು ದಿನ, ಜುಲೈ 5 ಮತ್ತು 23. ಲಾಗಿನಲ್ಲಿ ಎರಡೂ ಒಂದೇ ತರಹ, ಎರಡಕ್ಕೂ ಗೈರುಹಾಜರಿ. 5ನೇ ತಾರೀಖಿಗೆ ಗೇಟ್ ಪುಸ್ತಕದಲ್ಲೂ ಹೆಸರಿಲ್ಲ, ಜಾಬ್ ಕಾರ್ಡೂ ಇಲ್ಲ, ಕೇಳಿದರೆ ಊರಿಗೆ ಹೋಗಿದ್ದೆ ಅನ್ನುತ್ತಾರೆ. ಅದು ಗೈರುಹಾಜರಿಯೇ. 23ರಂದು ಡೆಲಿವರಿ ಚಲನ್ನಿನಲ್ಲಿ ಅವರ ಸಹಿಯಿದೆ: ಹೀಟ್ ಟ್ರೀಟ್‌ಮೆಂಟಿಗೆ ಮಾಲು ತೆಗೆದುಕೊಂಡು ಬೆಳಿಗ್ಗೆ ಮನೆಯಿಂದಲೇ ಹೋಗಿ, ಸಂಜೆವರೆಗೂ ಅಲ್ಲೇ ಇದ್ದು ಮಾಲು ಹಾಕಿಸಿ ಬಂದಿದ್ದಾರೆ. ಅದು ಆನ್ ಡ್ಯೂಟಿ, ಪೂರ್ತಿ 8 ಗಂಟೆ. ಕಾರ್ಖಾನೆಯ ಕೆಲಸಕ್ಕೇ ಹೊರಗೆ ಹೋದ ದಿನ ಸಂಬಳ ಕಟ್ ಆದರೆ ಆಗುವ ನೋವನ್ನು ನಾನು ಎಷ್ಟೋ ಜನರ ಬಾಯಲ್ಲಿ ಕೇಳಿದ್ದೇನೆ.

ಈಗ ಕೂಡೋಣ. 27 ದಿನಗಳಲ್ಲಿ ಒಂದು ಗೈರು, ಒಂದು ದಿನ 6 ಗಂಟೆ 50 ನಿಮಿಷ, ಉಳಿದ 25 ದಿನ ಎಂಟೆಂಟು ಗಂಟೆ. ಸಾಮಾನ್ಯ ಕೆಲಸ 206 ಗಂಟೆ 50 ನಿಮಿಷ, ಒಟಿ 2 ಗಂಟೆ. ಸಾಫ್ಟ್‌ವೇರ್ ಕೊಟ್ಟದ್ದು 172 ಗಂಟೆ 10 ನಿಮಿಷ ಮತ್ತು 9 ಗಂಟೆ 45 ನಿಮಿಷ. ಗಂಟೆಗೆ ₹100 ಎಂದು ಹಿಡಿದರೆ ಅದರ ಲೆಕ್ಕದಲ್ಲಿ ಸುಮಾರು ₹19,167, ಸರಿಯಾದ ಲೆಕ್ಕದಲ್ಲಿ ಸುಮಾರು ₹21,083. ₹1,900ಕ್ಕೂ ಹೆಚ್ಚು ಕಡಿಮೆ. ಸಾಮಾನ್ಯ ಗಂಟೆಯಲ್ಲಿ 34 ಗಂಟೆ 40 ನಿಮಿಷ ಹೋಗಿದೆ, ಇಲ್ಲದ ಒಟಿ ಬಂದು ಆ ತೂತನ್ನು ಅರ್ಧಂಬರ್ಧ ಮುಚ್ಚಿದೆ. ಅದಕ್ಕೇ ಒಟ್ಟು ಮೊತ್ತ ನೋಡಿದವರಿಗೆ ಏನೂ ಅನುಮಾನ ಬರುವುದಿಲ್ಲ. ಒಟ್ಟು ಸರಿಯಾಗಿ ಕಾಣುತ್ತದೆಂದು ದಿನಗಳೂ ಸರಿಯಿವೆ ಎಂದುಕೊಳ್ಳಬಾರದು.

ಕೂಡುವಾಗಲೂ ಎರಡು ಕಡೆ ಜನ ಎಡವುತ್ತಾರೆ. ಎಕ್ಸೆಲ್‌ನಲ್ಲಿ ಗಂಟೆ-ನಿಮಿಷವನ್ನು ಸಮಯವಾಗಿ ಕೂಡಿದರೆ 24 ದಾಟಿದ ಕೂಡಲೇ ಅದು ಮತ್ತೆ ಸೊನ್ನೆಯಿಂದ ತೋರಿಸತೊಡಗುತ್ತದೆ. 206 ಗಂಟೆ 50 ನಿಮಿಷ 14:50 ಎಂದು ಕಾಣುತ್ತದೆ. ಆ ಕೋಶದ ಫಾರ್ಮ್ಯಾಟನ್ನು `[h]:mm` ಎಂದು ಬದಲಿಸಿದರೆ ಪೂರ್ತಿ ಗಂಟೆ ಕಾಣುತ್ತದೆ. ಇನ್ನೊಂದು, 206 ಗಂಟೆ 50 ನಿಮಿಷವನ್ನು 206.50 ಎಂದು ಬರೆದು ದರದಿಂದ ಗುಣಿಸುವುದು. 50 ನಿಮಿಷವೆಂದರೆ ಗಂಟೆಯ 0.83 ಭಾಗ. ಒಬ್ಬರಿಗೆ ಒಂದು ತಿಂಗಳಿಗೆ ಹೋಗುವುದು ಮೂವತ್ತು ನಲವತ್ತು ರೂಪಾಯಿ ಇರಬಹುದು, ನಲವತ್ತು ಜನರಿಗೆ ವರ್ಷವಿಡೀ ಹೋದರೆ ಅದು ಸಣ್ಣ ಮೊತ್ತವಲ್ಲ.

ಇಷ್ಟೆಲ್ಲ ತಿದ್ದುವಾಗ ಒಂದು ಶಿಸ್ತನ್ನು ಬಿಡಬಾರದು: ಮಷೀನಿನಿಂದ ಇಳಿಸಿದ ಫೈಲನ್ನು ಮುಟ್ಟಕೂಡದು. ಅದನ್ನು ಹಾಗೇ ಎತ್ತಿಟ್ಟು, ತಿದ್ದುಪಡಿಗಳಿಗೆ ಬೇರೆ ಹಾಳೆ ಇಡಬೇಕು. ಅದರಲ್ಲಿ ನಂಬರ್, ತಾರೀಖು, ತುಂಬಿದ ಸಮಯ, ಯಾವ ದಾಖಲೆಯ ಆಧಾರ, ಯಾರು ತುಂಬಿದರು, ಯಾರು ಒಪ್ಪಿದರು ಎಂದಿರಲಿ. ತುಂಬುವವರು ಮತ್ತು ಒಪ್ಪುವವರು ಬೇರೆ ಬೇರೆಯವರಾಗಿರಬೇಕು. ಕಚ್ಚಾ ಲಾಗು, ತಿದ್ದುಪಡಿ ಹಾಳೆ ಎರಡನ್ನೂ ಸೇರಿಸಿ ಗಂಟೆ ಕೂಡಿದರೆ ಆರು ತಿಂಗಳ ನಂತರ ತಕರಾರು ಬಂದಾಗಲೂ ಯಾವುದು ಬೆರಳು ಹೇಳಿದ್ದು, ಯಾವುದು ಮನುಷ್ಯರು ತೀರ್ಮಾನಿಸಿದ್ದು ಎಂದು ತೋರಿಸಬಹುದು. ಲಾಗಿನೊಳಗೇ ಸಾಲು ಸೇರಿಸಿಬಿಟ್ಟರೆ ಆ ಗೆರೆ ಅಳಿಸಿಹೋಗುತ್ತದೆ, ಆಮೇಲೆ ಸರಿಯಾಗಿ ತುಂಬಿದ್ದನ್ನೂ ಯಾರೂ ನಂಬುವುದಿಲ್ಲ.

ಯಾವ ದಾಖಲೆಯೂ ಸಿಗದ ದಿನಗಳೂ ಇರುತ್ತವೆ. ಜಾಬ್ ಕಾರ್ಡ್ ಬರೆದಿಲ್ಲ, ಸೂಪರ್‌ವೈಸರ್‌ಗೆ ನೆನಪಿಲ್ಲ, ಸಿಸಿಟಿವಿಯ ಡಿಸ್ಕ್ ತುಂಬಿ ಹಳೆಯದರ ಮೇಲೆ ಹೊಸದು ಬರೆದಾಗಿದೆ. ಆಗ ನೌಕರರಿಂದ ಒಂದು ಸಾಲು ಬರೆಸಿಕೊಂಡು ಶಿಫ್ಟ್ ಸಮಯ ತುಂಬುವುದೇ ಸರಿ. ಇದು ಊಹೆ ಎಂದು ಹಾಳೆಯಲ್ಲಿ ಗುರುತು ಮಾಡಬೇಕು. ಒಬ್ಬರದೇ ಔಟ್ ಪಂಚ್ ಪ್ರತಿ ಶನಿವಾರ ಕಾಣೆಯಾಗುತ್ತಿದ್ದರೆ ಅದು ವಿಚಾರಿಸಬೇಕಾದ ಸಂಗತಿ, ಆದರೆ ಅದಕ್ಕೂ ಮುಂಚೆ ಅವರ ಬೆರಳನ್ನು ಒಮ್ಮೆ ನೋಡಿ. ಎರಡೂ ಕೈಗಳಿಂದ ಎರಡೆರಡು ಬೆರಳು ನೋಂದಾಯಿಸಿ, ಗೆರೆ ಸವೆದವರಿಗೆ ಕಾರ್ಡ್ ಕೊಟ್ಟರೆ ಎಷ್ಟೋ ಅನುಮಾನಗಳು ತಾವಾಗಿಯೇ ಕರಗುತ್ತವೆ. ಈ ಕೆಲಸವನ್ನು ತಿಂಗಳ ಕೊನೆಗೆ ಗುಡ್ಡೆ ಹಾಕದೆ ಪ್ರತಿ ಸೋಮವಾರ ಹಿಂದಿನ ವಾರದ್ದನ್ನು ಮಾಡಿ ಮುಗಿಸುವುದು ಒಳ್ಳೆಯದು. ವಾರದ ಹಿಂದಿನದು ಎಲ್ಲರಿಗೂ ನೆನಪಿರುತ್ತದೆ, ನಾಲ್ಕು ವಾರದ ಹಿಂದಿನದು ಯಾರಿಗೂ ಇರುವುದಿಲ್ಲ.

"ಮೂರು ಸಲ ಪಂಚ್ ಮಿಸ್ ಆದರೆ ಅರ್ಧ ದಿನ ಕಟ್" ಎಂಬ ಬೋರ್ಡನ್ನು ಕೆಲವು ಕಡೆ ಕಾಣುತ್ತೇವೆ. ಗೈರುಹಾಜರಿಗೆ ಸಂಬಳ ಹಿಡಿಯುವುದಾದರೆ ಎಷ್ಟು ಹೊತ್ತು ಗೈರಾದರೋ ಆ ಪ್ರಮಾಣವನ್ನು ಮೀರಿ ಹಿಡಿಯುವಂತಿಲ್ಲ ಎಂಬ ನಿಯಮ 1936ರ ವೇತನ ಪಾವತಿ ಕಾಯ್ದೆಯಲ್ಲೇ ಇತ್ತು, 2019ರ ವೇತನ ಸಂಹಿತೆಯಲ್ಲೂ ಉಳಿದಿದೆ. ಬೆರಳು ಇಡಲು ಮರೆತವರು ಕೆಲಸಕ್ಕೆ ಗೈರಾದವರಲ್ಲ. ಅಂಥ ಬೋರ್ಡನ್ನು ತೆಗೆದುಹಾಕುವುದೇ ಲೇಸು.

ಕಾರ್ಖಾನೆ ನಡೆಸುವವರಲ್ಲಿ ಒಂದು ಕೋರಿಕೆ. ಪ್ರತಿ ತಿಂಗಳು 2ನೇ ತಾರೀಖಿಗೆ ಪ್ರತಿಯೊಬ್ಬರ ದಿನವಾರು ಗಂಟೆಯ ಹಾಳೆಯನ್ನು, ತಿದ್ದಿದ ದಿನಗಳಿಗೆ ಗುರುತು ಹಾಕಿ, ಅವರವರ ಕೈಗೆ ಕೊಡಿ. ನೋಡಿ ಸಹಿ ಮಾಡಲು ಎರಡು ದಿನ ಬಿಡಿ. 5ಕ್ಕೆ ಲೆಕ್ಕ ಮುಚ್ಚಿದರೂ 7ಕ್ಕೆ ಸಂಬಳ ಹಾಕಲು ಸಮಯ ಉಳಿಯುತ್ತದೆ. ದುಡಿಯುವವರಲ್ಲೂ ಒಂದು ಮಾತು: ಪಂಚ್ ಆಗದ ದಿನ ಅವತ್ತೇ ಸೂಪರ್‌ವೈಸರ್‌ಗೆ ಹೇಳಿ, ಬಂದ ಹೋದ ಸಮಯವನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ, ಸಂಬಳದ ಚೀಟಿಯ ಜೊತೆ ಗಂಟೆಯ ಹಾಳೆಯನ್ನೂ ಕೇಳಿ ಪಡೆಯಿರಿ.